ಮುದ್ದೆ ಎದೆಯಲ್ಲಿ ನಿಂತಾಗ

ನಮ್ಮ ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನ ಯಾರೂ ಅಗಿಯೋದಿಲ್ಲ. ತುತ್ತು ಮುರಿದು, ಸಾರಲ್ಲಿ ಅದ್ದಿ, ನುಂಗೋದೇ. ಹಾಗಾಗಿ ಅನ್ನನಾಳ ಕಿರಿದಾಗ್ತಾ ಬಂದ್ರೆ ನಮ್ಮವರಿಗೆ ಮೊದಲು ಸುದ್ದಿ ಕೊಡೋದೇ ಮುದ್ದೆ. ನಮ್ಮ ದೊಡ್ಡಪ್ಪನಿಗೂ ಕೊಟ್ಟಿತ್ತು. ದಿನಾ ರಾತ್ರಿ ಊರಿಗೆಲ್ಲ ಸುದ್ದಿ ಹೇಳೋ ನಾನು ಈ ಸುದ್ದಿಯನ್ನ ಕೇಳಿಸ್ಕೊಳ್ಳಲಿಲ್ಲ.

ಯುಗಾದಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪ ಊಟದ ಮಧ್ಯೆ ತುತ್ತು ನಿಲ್ಲಿಸಿ ಎದೆ ಉಜ್ಜಿಕೊಂಡ್ರು. "ಯಾಕೋ ಇಲ್ಲೇ ನಿಂತ್ಕತದೆ ಕಣೆ" ಅಂದ್ರು. ದೊಡ್ಡಮ್ಮ ಬಿಸಿನೀರು ಕೊಟ್ಟರು. ಇಳೀತು. ಗ್ಯಾಸ್ಟ್ರಿಕ್ಕು ಅಂತ ತೀರ್ಮಾನ ಆಯ್ತು. ಜೀರಿಗೆ ಕಷಾಯ, ಊಟಕ್ಕೆ ಮುಂಚೆ ಒಂದು ಚಮಚ ತುಪ್ಪ, ಮೆಡಿಕಲ್ ಶಾಪಿನ ಆಸಿಡಿಟಿ ಮಾತ್ರೆ, ಎಲ್ಲವೂ ಶುರುವಾದವು. ಒಂದು ತಿಂಗಳ ನಂತರ ಫೋನ್ ಮಾಡಿದ್ರೆ "ಈಗ ವಾಸಿ" ಅಂದ್ರು.

ಈ "ವಾಸಿ" ಅನ್ನೋ ಮಾತಲ್ಲೇ ಮೋಸ ಇರೋದು, ನೋಡಿ. ಅಷ್ಟರಲ್ಲಿ ಅವರು ಮುದ್ದೆ ಬಿಟ್ಟು ಅನ್ನಕ್ಕೆ ಬಂದಿದ್ರು. ಗೌರಿ ಹಬ್ಬದ ಹೊತ್ತಿಗೆ ಅನ್ನವನ್ನೂ ಮಜ್ಜಿಗೆಯಲ್ಲಿ ಕಿವುಚಿ ತಿನ್ನೋರು. ದಸರಾ ಹೊತ್ತಿಗೆ ಬರೀ ಗಂಜಿ. ಪ್ರತಿ ಸಲ ಊಟ ಮೆತ್ತಗಾದಾಗಲೂ ಕೆಲವು ವಾರ ಸಲೀಸು. ಆ ಯಶಸ್ಸೆಲ್ಲ ಕಷಾಯದ ಲೆಕ್ಕಕ್ಕೆ! ಕಾಯಿಲೆ ಕಡಿಮೆಯಾಗಿರಲಿಲ್ಲ ಸ್ವಾಮಿ, ಊಟ ಮೆತ್ತಗಾಗಿತ್ತು. ಅಷ್ಟರೊಳಗೆ ಅವರ ತೂಕ ಒಂಬತ್ತು ಕೆಜಿ ಇಳಿದಿತ್ತು.

ಅನ್ನನಾಳ ಅಂದ್ರೆ ಗಂಟಲಿಂದ ಹೊಟ್ಟೆಯವರೆಗಿನ, ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದು ರಬ್ಬರಿನ ಹಾಗೆ ಹಿಗ್ಗುತ್ತೆ. ಒಳಗೆ ಸಣ್ಣ ಗಡ್ಡೆ ಎದ್ದರೂ ಉಳಿದ ಭಾಗ ಹಿಗ್ಗಿ ದಾರಿ ಬಿಡುತ್ತೆ, ಹಾಗಾಗಿ ಗೊತ್ತೇ ಆಗಲ್ಲ. ದಾರಿ ಒಂದೂಕಾಲು ಸೆಂಟಿಮೀಟರ್ ಆಸುಪಾಸಿಗೆ ಬಂದಮೇಲೆ ಗಟ್ಟಿ ಪದಾರ್ಥ ತಡೆಯೋಕೆ ಶುರು. ಅಂದ್ರೆ ಮೊದಲ ತುತ್ತು ನಿಂತ ದಿನವೇ ಕಾಯಿಲೆಯ ಮೊದಲ ದಿನ ಅಲ್ಲ. ಅದಕ್ಕೇ ಇನ್ನೊಂದು ತಿಂಗಳು ನೋಡೋಣ ಅನ್ನೋಕೆ ಇಲ್ಲಿ ಜಾಗ ಇಲ್ಲ.

ದೊಡ್ಡಪ್ಪನನ್ನ ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಬಂದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡೋಕೆ ಮುಂಚೆ ಕೇಳಿದ್ದು ಎರಡೇ ಪ್ರಶ್ನೆ. "ಮೊದಲು ಯಾವ ಊಟ ಬಿಟ್ಟಿರಿ? ನೀರು ಸಲೀಸಾಗಿ ಇಳಿಯುತ್ತಾ?" ಮೊದಲು ಗಟ್ಟಿ, ಆಮೇಲೆ ಮೆತ್ತಗಿನದು, ಕೊನೆಗೆ ನೀರು ಅನ್ನೋ ಕ್ರಮದಲ್ಲಿ ತಡೆಯುತ್ತಾ ಬಂದ್ರೆ ದಾರಿ ಕಿರಿದಾಗ್ತಿದೆ ಅಂತ ಅನುಮಾನ. ಮೊದಲ ದಿನದಿಂದಲೇ ಅನ್ನ, ನೀರು ಎರಡೂ ನಿಂತರೆ ಅನ್ನನಾಳದ ಸ್ನಾಯುಗಳ ತೊಂದರೆ ಇರಬಹುದು. ಅದರ ಚಿಕಿತ್ಸೆಯೇ ಬೇರೆ. ಎಲ್ಲಿ ಸಿಕ್ಕಿಕೊಂಡ ಹಾಗೆ ಅನ್ನಿಸುತ್ತೋ ತೊಂದರೆ ಅಲ್ಲೇ ಇರಬೇಕು ಅಂತಲೂ ಇಲ್ಲ, ಕೆಳಗಿನ ತಡೆ ಎಷ್ಟೋ ಸಲ ಮೇಲೆ ಗಂಟಲಲ್ಲಿ ಅನ್ನಿಸುತ್ತೆ.

ಎಂಡೋಸ್ಕೋಪಿ ಅಂದ ತಕ್ಷಣ ದೊಡ್ಡಪ್ಪ ಹೆದರಿದ್ರು. ಖಾಲಿ ಹೊಟ್ಟೆಯಲ್ಲಿ ಕರೆಸಿದ್ರು, ಗಂಟಲು ಮರಗಟ್ಟೋಕೆ ಔಷಧಿ ಸಿಂಪಡಿಸಿದ್ರು, ಕಿರುಬೆರಳಿನಷ್ಟು ದಪ್ಪದ ಕೊಳವೆಯನ್ನ ಬಾಯಿಂದ ಇಳಿಸಿದ್ರು. ಹತ್ತು ನಿಮಿಷದ ಕೆಲಸ. ಗಡ್ಡೆ ಕಾಣಿಸ್ತು. ಅದೇ ಕೊಳವೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ಕ್ಯಾನ್ಸರ್. ನಲವತ್ತು ವರ್ಷದ ಬೀಡಿ, ಜೊತೆಗೆ ಎಲೆ-ಅಡಿಕೆ-ಹೊಗೆಸೊಪ್ಪು. ಸ್ಕ್ಯಾನ್ ಮಾಡಿದಾಗ ಅದು ಲಿವರ್‌ಗೂ ಹರಡಿತ್ತು, ಆಪರೇಷನ್‌ನ ಮಾತೇ ಬರಲಿಲ್ಲ. ಅನ್ನನಾಳ ಮುಚ್ಚಿಹೋಗದ ಹಾಗೆ ಒಳಗೆ ಲೋಹದ ಜಾಲರಿಯ ಕೊಳವೆ, ಸ್ಟೆಂಟ್, ಇಟ್ಟರು. ಕಿವುಚಿದ ಅನ್ನ ಮತ್ತೆ ಇಳೀತು. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಯುಗಾದಿಯಲ್ಲೇ ಕರ್ಕೊಂಡು ಬಂದಿದ್ರೆ ಉಳೀತಿದ್ರಾ? ಖಂಡಿತ ಅಂತ ಯಾವ ಡಾಕ್ಟರೂ ಹೇಳಲ್ಲ. ಆದರೆ ಆ ಆರು ತಿಂಗಳು ನಮ್ಮ ಕೈಲಿತ್ತು.

ಹಾಗಂತ ತುತ್ತು ನಿಂತವರಿಗೆಲ್ಲ ಕ್ಯಾನ್ಸರೇ ಅಂದ್ಕೋಬೇಡಿ. ಇದನ್ನೆಲ್ಲ ನಮ್ಮ ಕ್ಯಾಮೆರಾಮನ್ ಹತ್ರ ಹೇಳ್ತಿದ್ದೆ. ಅವರ ತಾಯಿಗೂ ಚಪಾತಿ ನಿಲ್ಲುತ್ತಂತೆ, "ಕ್ಯಾನ್ಸರ್ ಅಂದುಬಿಟ್ಟರೆ ಅನ್ನೋ ಭಯಕ್ಕೆ ಹೋಗ್ತಿಲ್ಲ ಸಾರ್" ಅಂದ್ರು. ಆ ವಾರವೇ ಕಳಿಸಿದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ವರ್ಷಗಟ್ಟಲೆ ಹುಳಿ ಮೇಲಕ್ಕೆ ಬಂದು ಬಂದು ಅನ್ನನಾಳದ ಕೆಳತುದಿ ಗಾಯವಾಗಿ, ಮಾಗಿ, ಬಿಗಿದುಕೊಂಡಿತ್ತು. ಎಂಡೋಸ್ಕೋಪಿಯಲ್ಲೇ ಬಲೂನ್ ಹಾಕಿ ಹಿಗ್ಗಿಸಿದ್ರು. ಮತ್ತೆ ಬಿಗಿಯಬಹುದು, ಆಗ ಇನ್ನೊಮ್ಮೆ ಬರಬೇಕು ಅಂದಿದ್ದಾರೆ. ಆಸಿಡಿಟಿ ಮಾತ್ರೆ ಈಗ ಡಾಕ್ಟರು ಬರೆದ ಲೆಕ್ಕದಲ್ಲಿ ನಡೀತಿದೆ. ಇದೇ ಮಾತ್ರೆಯನ್ನ ಪರೀಕ್ಷೆಗೆ ಮುಂಚೆ ತಾವೇ ತಗೊಂಡು ಕೂತಿದ್ದರೆ ಎದೆಯುರಿ ಕಡಿಮೆಯಾಗಿ, ಒಳಗೇನಿದೆ ಅನ್ನೋದು ಇನ್ನಷ್ಟು ದಿನ ಮುಚ್ಚಿಹೋಗ್ತಿತ್ತು.

ಇನ್ನೊಂದು ಮಾತು. ಮಾಂಸದ ತುಂಡು ಸಿಕ್ಕಿ ಉಗುಳು ಕೂಡ ಇಳಿಯದೆ ಬಾಯಿಂದ ಹೊರಗೆ ಬರ್ತಿದ್ರೆ ಅದು ನಾಳೆಗೆ ಕಾಯೋ ವಿಷಯ ಅಲ್ಲ. ಬಾಳೆಹಣ್ಣು, ಅನ್ನದ ಉಂಡೆ ನುಂಗಿ ಕೆಳಗೆ ತಳ್ಳೋಕೆ ಹೋಗ್ಬೇಡಿ. ಅದರ ಮೇಲೆ ಇದೂ ಸಿಕ್ಕಿಕೊಳ್ಳುತ್ತೆ, ಉಸಿರಿನ ನಾಳಕ್ಕೂ ಹೋಗಬಹುದು. ಎಂಡೋಸ್ಕೋಪಿ ಇರೋ ಆಸ್ಪತ್ರೆಗೆ ಆಗಲೇ ಹೊರಡಿ, ರಾತ್ರಿ ಎಷ್ಟೇ ಹೊತ್ತಾಗಿದ್ರೂ.