ಯಂತ್ರಶಾಲೆಯಿಂದ ಸಾಫ್ಟ್‌ವೇರ್ ಪರೀಕ್ಷೆಗೆ: ಅರ್ಜಿಯ ಮುಖಪತ್ರ

ಬಿಡಿಭಾಗಗಳ ಘಟಕದಲ್ಲಿ ಗುಣಮಟ್ಟ ತಪಾಸಣೆ ನಡೆಸಿದ ಮೆಕ್ಯಾನಿಕಲ್ ಎಂಜಿನಿಯರೊಬ್ಬರು ಸಾಫ್ಟ್‌ವೇರ್ ಪರೀಕ್ಷಕರ ಹುದ್ದೆಗೆ ಅರ್ಜಿ ಸಲ್ಲಿಸುವಾಗ, "ಬೇಗ ಕಲಿಯಬಲ್ಲೆ" ಎಂದಷ್ಟೇ ಬರೆದರೆ ಉದ್ಯೋಗದಾತರಿಗೆ ಏನೂ ತಿಳಿಯದು. ಹಳೆಯ ಕೌಶಲವು ಹೊಸ ಕೆಲಸದಲ್ಲಿ ಎಲ್ಲಿ ಒದಗುವುದೆಂಬುದನ್ನು ಮುಖಪತ್ರವು ತೋರಿಸಬೇಕು.

ಉದಾಹರಣೆಗೆ, 25 ಮಿ.ಮೀ. ವ್ಯಾಸದ ಶಾಫ್ಟಿಗೆ 0.02 ಮಿ.ಮೀ. ಹೆಚ್ಚುಕಡಿಮೆಯ ಅವಕಾಶವಿದ್ದರೆ, 24.98 ಮತ್ತು 25.02 ಅದರ ಎಲ್ಲೆಗಳು. ಗೋ ಮತ್ತು ನೋ-ಗೋ ಗೇಜುಗಳು ಪರೀಕ್ಷಿಸುವುದು ಈ ಎಲ್ಲೆಗಳನ್ನೇ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸರಕಿನ ಸಂಖ್ಯೆ 1ರಿಂದ 100ರೊಳಗೆ ಇರಬೇಕೆಂಬ ನಿಯಮವಿದ್ದಲ್ಲಿ ಪರೀಕ್ಷಕರು 0, 1, 100, 101 ಎಂದು ನಮೂದಿಸಿ ನೋಡುತ್ತಾರೆ. 0 ಮತ್ತು 101 ತಿರಸ್ಕೃತವಾಗಬೇಕು. ಇದಕ್ಕೆ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಎಂದು ಹೆಸರು.

ಆದ್ದರಿಂದ ಪತ್ರದಲ್ಲಿ ಹೀಗೆ ಬರೆಯುವುದು ಯುಕ್ತ: "ಮೂರು ವರ್ಷ ಶಾಫ್ಟುಗಳ ಎಲ್ಲೆ ಅಳತೆಗಳನ್ನು ಪರೀಕ್ಷಿಸಿ, ತಿರಸ್ಕೃತ ಮಾಲಿನ ಯಂತ್ರ, ಪಾಳಿ, ಅಳತೆಗಳನ್ನು ವರದಿ ಮಾಡಿದ್ದೇನೆ. ದೋಷವನ್ನು ಮತ್ತೊಬ್ಬರೂ ಕಂಡುಕೊಳ್ಳುವಂತೆ ದಾಖಲಿಸುವುದು ನನಗೆ ರೂಢಿಯಾಗಿದೆ."

ಆದರೆ ಎಲ್ಲ ರೂಢಿಯೂ ಹೊಂದುವುದಿಲ್ಲ. ಉಪಕರಣವು ನಿಧಾನವಾಗಿ ಸವೆಯುವುದರಿಂದ ಯಂತ್ರಶಾಲೆಯಲ್ಲಿ ಆಗಾಗ ಮಾದರಿ ತೆಗೆದು ಅಳೆದರೆ ಸಾಕಾಗುತ್ತದೆ. ಸಾಫ್ಟ್‌ವೇರ್ ಸವೆಯುವುದಿಲ್ಲ, ಆದರೆ ಒಂದೆಡೆ ಮಾಡಿದ ಸಣ್ಣ ತಿದ್ದುಪಡಿ ಬೇರೊಂದೆಡೆ ಕೆಡಿಸಬಹುದು. ದರ ತಿದ್ದಿದ ಬಳಿಕ ಸರಿಯಾಗಿದ್ದ ರಿಯಾಯಿತಿ ಲೆಕ್ಕವನ್ನೂ ಪುನಃ ಪರೀಕ್ಷಿಸಬೇಕಾಗುತ್ತದೆ. ಈ ವ್ಯತ್ಯಾಸವನ್ನು ಅರಿತಿರುವುದಾಗಿ ಒಂದು ವಾಕ್ಯದಲ್ಲಿ ತಿಳಿಸುವ ಅರ್ಜಿದಾರರ ಮಾತಿಗೆ ತೂಕ ಹೆಚ್ಚು.

ಹಳೆಯ ಘಟಕದ ಗ್ರಾಹಕರ ಹೆಸರು, ನಕಾಶೆಗಳ ವಿವರ ಪತ್ರದಲ್ಲಿ ಬರಕೂಡದು. ಸಂದರ್ಶಕರು ಬಿಲ್ಲಿಂಗ್ ಪರದೆಯೊಂದನ್ನು ಮುಂದಿಟ್ಟು ಪರೀಕ್ಷೆಗಳನ್ನು ಬರೆಯಿಸಿದರೆ, ಪತ್ರದ ಮಾತು ನಿಜವೇ ಎಂಬುದು ತಿಳಿಯುತ್ತದೆ.