ಆ್ಯಪ್ ತೆರೆದರೆ ಮಾತ್ರ ಮೆಸೇಜ್: ಡೇಟಾ ಸೇವರ್ ಮಾಡುವ ಕೆಲಸ

ಆಂಡ್ರಾಯ್ಡ್ ಫೋನಿನಲ್ಲಿ ಡೇಟಾ ಸೇವರ್ ಆನ್ ಆಗಿದ್ದರೆ, ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಮೊಬೈಲ್ ಇಂಟರ್ನೆಟ್ ಸಿಗುವುದಿಲ್ಲ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈ ಸೌಲಭ್ಯವಿದೆ. ದಿನಕ್ಕೆ ಇಷ್ಟು ಜಿಬಿ ಎಂಬ ಪ್ಲಾನ್ ಹಾಕಿಸಿಕೊಂಡವರು ಅದನ್ನು ಒಮ್ಮೆ ಆನ್ ಮಾಡಿ ಮರೆತುಬಿಡುವುದುಂಟು. ಆಮೇಲೆ ಮೆಸೇಜ್ ಬರುತ್ತಿಲ್ಲ ಎಂದು ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ, ಸಿಮ್ ಕಂಪನಿಯನ್ನು ಬೈಯುತ್ತಾರೆ. ತೆರೆದು ನೋಡಿದರೆ ಆ್ಯಪ್ ಚೆನ್ನಾಗಿಯೇ ನಡೆಯುವುದರಿಂದ ಕಾರಣ ಥಟ್ಟನೆ ಹೊಳೆಯುವುದಿಲ್ಲ.

ವಾಟ್ಸ್ಆ್ಯಪ್ ಇದಕ್ಕೆ ಒಳ್ಳೆಯ ಉದಾಹರಣೆ. ಮನೆಯ ವೈಫೈಯಲ್ಲಿ ಮೆಸೇಜ್‌ಗಳು ಬಂದಬಂದಂತೆ ಸದ್ದು ಮಾಡುತ್ತವೆ. ಬಸ್ ಹತ್ತಿ ಮೊಬೈಲ್ ಡೇಟಾ ಶುರುವಾದ ಮೇಲೆ ಫೋನ್ ಮೌನ. ಕೆಲವೊಮ್ಮೆ You may have new messages ಎಂಬ ಅಡ್ಡಗೋಡೆಯ ಮೇಲಿನ ದೀಪದಂಥ ಸೂಚನೆಯೊಂದು ಕಾಣಿಸುತ್ತದೆ, ಅಷ್ಟೇ. ಆ್ಯಪ್ ತೆರೆದ ಕೂಡಲೇ ಅಷ್ಟೂ ಹೊತ್ತಿನ ಮೆಸೇಜ್‌ಗಳು ಒಟ್ಟಿಗೆ ಸುರಿಯುತ್ತವೆ.

ಫೋನಿಗೆ ಹಾಕಿಕೊಂಡ ಪ್ರತಿ ಆ್ಯಪ್‌ಗೂ ಆಂಡ್ರಾಯ್ಡ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಯಾವ ಆ್ಯಪ್ ಈಗ ಬಳಕೆಯಲ್ಲಿದೆ, ಯಾವುದು ಹಿನ್ನೆಲೆಗೆ ಸರಿದಿದೆ ಎಂಬುದೂ ಅದಕ್ಕೆ ಗೊತ್ತಿರುತ್ತದೆ. ಡೇಟಾ ಸೇವರ್ ಆನ್ ಇದ್ದಾಗ, ಹಿನ್ನೆಲೆಗೆ ಸರಿದ ಆ್ಯಪ್‌ನ ಸಂಖ್ಯೆಯ ಮೇಲೆ ಮೊಬೈಲ್ ಜಾಲಕ್ಕೆ ತಡೆ ಬೀಳುತ್ತದೆ. ಆ್ಯಪ್ ಪರದೆಗೆ ಬಂದ ತಕ್ಷಣ ತಡೆ ತಾನಾಗಿ ತೆರವಾಗುತ್ತದೆ. ಆದ್ದರಿಂದ ಆ್ಯಪನ್ನು ತೆರೆದು ಪರೀಕ್ಷಿಸಿದರೆ ದೋಷ ಎಂದಿಗೂ ಸಿಗುವುದಿಲ್ಲ.

ಹಾಗಿದ್ದರೆ ಆ ಅರೆಬರೆ ಸೂಚನೆ ಎಲ್ಲಿಂದ ಬಂತು? ಬಹಳಷ್ಟು ಆ್ಯಪ್‌ಗಳ ಸೂಚನೆಗಳು ಗೂಗಲ್ ಪ್ಲೇ ಸರ್ವಿಸಸ್ ತೆರೆದಿಟ್ಟಿರುವ ಒಂದೇ ಸಂಪರ್ಕದ ಮೂಲಕ ಬರುತ್ತವೆ. ಅದಕ್ಕೆ ಸಾಮಾನ್ಯವಾಗಿ ಮೊದಲಿನಿಂದಲೇ ವಿನಾಯಿತಿ ಇರುತ್ತದೆ. ಅದು ‘ಏನೋ ಬಂದಿದೆ’ ಎಂದು ವಾಟ್ಸ್ಆ್ಯಪನ್ನು ಎಬ್ಬಿಸುತ್ತದೆ. ಎದ್ದ ವಾಟ್ಸ್ಆ್ಯಪ್ ತನ್ನ ಸರ್ವರಿನಿಂದ ಮೆಸೇಜನ್ನು ತರಲು ಹೋದರೆ ದಾರಿ ಮುಚ್ಚಿರುತ್ತದೆ. ಹೇಳಬೇಕಾದ ಮಾತನ್ನೆಲ್ಲ ಸೂಚನೆಯೊಳಗೇ ತುಂಬಿ ಕಳಿಸುವ ಆ್ಯಪ್‌ಗಳಿಗೆ ಈ ತೊಂದರೆಯಿಲ್ಲ. ಒಂದೇ ಫೋನಿನಲ್ಲಿ ಸುದ್ದಿಯ ಶೀರ್ಷಿಕೆ ಸರಿಯಾಗಿ ಬಂದು, ಮನೆಯವರ ಮೆಸೇಜ್ ಬಾರದಿರಲು ಇದೂ ಒಂದು ಕಾರಣ.

ಹಿನ್ನೆಲೆ ಎಂದರೆ ಪರದೆ ಆರಿರುವುದು ಎಂದೂ ಅಲ್ಲ. ಹಾಡು ನುಡಿಸುವ ಆ್ಯಪ್ ಅಥವಾ ದಾರಿ ಹೇಳುವ ಮ್ಯಾಪ್, ತಾನು ಕೆಲಸದಲ್ಲಿದ್ದೇನೆಂದು ತೋರಿಸುವ ಸೂಚನೆಯೊಂದನ್ನು ಮೇಲೆ ಅಂಟಿಸಿಕೊಂಡಿರುತ್ತದೆ. ಅಂಥದ್ದನ್ನು ಆಂಡ್ರಾಯ್ಡ್ ಬಳಕೆಯಲ್ಲಿರುವ ಆ್ಯಪ್ ಎಂದೇ ಎಣಿಸುತ್ತದೆ. ಹೀಗಾಗಿ ಫೋನ್ ಜೇಬಿನಲ್ಲಿದ್ದರೂ ಹಾಡು ನಿಲ್ಲುವುದಿಲ್ಲ.

ಬ್ಯಾಟರಿ ಉಳಿಸುವ ವ್ಯವಸ್ಥೆಯೂ ಇಂಥದೇ ಲಕ್ಷಣ ತೋರಿಸಬಲ್ಲದು. ಎರಡನ್ನೂ ಬೇರ್ಪಡಿಸುವುದು ಸುಲಭ. ಆ್ಯಪನ್ನು ಮುಚ್ಚಿ, ಪರದೆ ಆರಿಸಿ, ಬೇರೆಯವರಿಂದ ಮೆಸೇಜ್ ಕಳಿಸಿಕೊಳ್ಳಬೇಕು. ಮೊದಲು ವೈಫೈಯಲ್ಲಿ, ಆಮೇಲೆ ಮೊಬೈಲ್ ಡೇಟಾದಲ್ಲಿ. ವೈಫೈಯಲ್ಲಿ ಬಂದು ಮೊಬೈಲ್ ಡೇಟಾದಲ್ಲಿ ಬಾರದಿದ್ದರೆ ಡೇಟಾ ಸೇವರ್ ಅಥವಾ ಆ ಆ್ಯಪ್‌ನದೇ ಹಿನ್ನೆಲೆ ಡೇಟಾ ನಿರ್ಬಂಧದ ಮೇಲೆ ಅನುಮಾನ ಪಡಬೇಕು. ಎರಡರಲ್ಲೂ ಬಾರದಿದ್ದರೆ ಬ್ಯಾಟರಿಯ ಸೆಟ್ಟಿಂಗ್ ನೋಡಬೇಕು. ಪರೀಕ್ಷೆಗೆ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಬಳಸಬಾರದು. ಅದು ನೋಡಲು ವೈಫೈ ಆದರೂ, ಅದರ ಹಿಂದಿರುವುದು ಎಣಿಕೆಯ ಡೇಟಾ ಎಂದು ಗುರುತಿಸಿ ಆಂಡ್ರಾಯ್ಡ್ ಅಲ್ಲಿಯೂ ತಡೆ ಹಾಕಬಹುದು.

ಪರಿಹಾರಕ್ಕೆ ಡೇಟಾ ಸೇವರನ್ನು ಪೂರ್ತಿ ಆಫ್ ಮಾಡಬೇಕಿಲ್ಲ. ಹಲವು ಫೋನುಗಳಲ್ಲಿ Settings, ಅದರೊಳಗೆ Network & internet, ಅಲ್ಲಿ Data Saver ತೆರೆದರೆ Unrestricted data ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ವಾಟ್ಸ್ಆ್ಯಪ್ ಎದುರಿನ ಗುಂಡಿ ಒತ್ತಿದರೆ ಅದೊಂದಕ್ಕೆ ವಿನಾಯಿತಿ ಸಿಗುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದು Connections ಒಳಗಿನ Data usage ಭಾಗದಲ್ಲಿದೆ. ಅಷ್ಟಾದರೂ ಮೆಸೇಜ್ ಬಾರದಿದ್ದರೆ, ಆ್ಯಪ್‌ನ ಹೆಸರನ್ನು ಸೆಟ್ಟಿಂಗ್‌ನಲ್ಲಿ ಹುಡುಕಿ, ಅದರ ಡೇಟಾ ಪುಟದಲ್ಲಿ Background data ಆಫ್ ಆಗಿದೆಯೇ ಎಂದು ನೋಡಬೇಕು. ಅದು ಬೇರೆಯದೇ ಸ್ವಿಚ್. ಡೇಟಾ ಸೇವರ್ ಆಫ್ ಮಾಡಿದರೂ ಅದು ಹಾಗೆಯೇ ಉಳಿಯುತ್ತದೆ.

ವಿನಾಯಿತಿ ಪಡೆದ ಆ್ಯಪ್ ಮೆಸೇಜನ್ನಷ್ಟೇ ಅಲ್ಲ, ತನಗೆ ಬೇಕೆನಿಸಿದ್ದನ್ನೆಲ್ಲ ಮೊಬೈಲ್ ಡೇಟಾದಲ್ಲಿ ತರಿಸಿಕೊಳ್ಳಬಹುದು. ವಾಟ್ಸ್ಆ್ಯಪ್ ವಿಷಯದಲ್ಲಿ, ಫೋಟೊ ಮತ್ತು ವಿಡಿಯೊ ತಾವಾಗಿ ಇಳಿಯುವುದನ್ನು ಅದರದೇ ಸೆಟ್ಟಿಂಗ್‌ನ Storage and data ಭಾಗದಲ್ಲಿ ಮೊಬೈಲ್ ಡೇಟಾಕ್ಕೆ ಮಾತ್ರ ನಿಲ್ಲಿಸಿದರೆ, ಅಕ್ಷರದ ಮೆಸೇಜ್‌ಗಳಿಗೆ ಖರ್ಚಾಗುವ ಡೇಟಾ ತೀರಾ ಅಲ್ಪ. ಫೋಟೊ ಬ್ಯಾಕಪ್ ಆ್ಯಪ್‌ಗಳನ್ನು ಮಾತ್ರ ಆ ಪಟ್ಟಿಗೆ ಸೇರಿಸದಿರುವುದೇ ಮೇಲು.