ಬಿಡಿ ಕೆಲಸದಿಂದ ತಿಂಗಳ ವರ್ತನೆಗೆ

ನಮ್ಮ ಕಡೆ ವರ್ತನೆ ಹಾಲು ಎಂಬ ಮಾತಿದೆ. ದಿನವೂ ಇಂತಿಷ್ಟು ಹಾಲು ಎಂದು ಗೊತ್ತುಮಾಡಿಕೊಂಡ ಮನೆಗೆ ಹಾಲಿನವರು ಅಷ್ಟನ್ನು ಎತ್ತಿಟ್ಟೇ ಇಡುತ್ತಾರೆ. ನೆಂಟರು ಬಂದ ದಿನ ಅರ್ಧ ಲೀಟರ್ ಹೆಚ್ಚಿಗೆ ಹಾಕಿದರೆ ಅದರ ಲೆಕ್ಕ ಬೇರೆ. ಮನೆಯವರು ಹೇಳದೆ ಕೇಳದೆ ಊರಿಗೆ ಹೋದರೆ, ಎತ್ತಿಟ್ಟ ಹಾಲಿನ ದುಡ್ಡು ಕೊಡಲೇಬೇಕು. ಸ್ವತಂತ್ರವಾಗಿ ಕೆಲಸ ಮಾಡುವ ಡಿಸೈನರ್, ಅನುವಾದಕ, ವಿಡಿಯೊ ಎಡಿಟರ್ ಮುಂತಾದವರು ತಮ್ಮ ಗ್ರಾಹಕರೊಂದಿಗೆ ಮಾಡಿಕೊಳ್ಳುವ ‘ರಿಟೇನರ್’ ಒಪ್ಪಂದವೂ ಹೀಗೆಯೇ. ತಿಂಗಳಿಗೆ ಇಷ್ಟು ಗಂಟೆ ನಿಮಗಾಗಿ ಎತ್ತಿಟ್ಟಿರುತ್ತೇನೆ, ಅದಕ್ಕೆ ಇಷ್ಟು ಹಣ ಎಂಬ ಮಾತು. ಇಲ್ಲಿ ಮಾರುತ್ತಿರುವುದು ಎತ್ತಿಟ್ಟ ಹೊತ್ತು. ಇದನ್ನು ಸಗಟು ವ್ಯಾಪಾರದ ರಿಯಾಯಿತಿ ಎಂದು ತಿಳಿದು ಹೊರಟವರು ಬೇಗ ಸೋತುಹೋಗುತ್ತಾರೆ.

ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಹಾಕಿ ನೋಡೋಣ. ಮೈಸೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಡಿಸೈನರ್ ಇದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಗ್ರಾಹಕರು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ತಯಾರಿಸಿ ಮಾರುವ ಸಣ್ಣ ಸಂಸ್ಥೆಯವರು. ಪ್ಯಾಕೆಟ್ಟಿನ ಲೇಬಲ್ಲು, ಅಂಗಡಿಗೆ ಹಚ್ಚುವ ಪೋಸ್ಟರು, ಹಬ್ಬದ ಜಾಹೀರಾತು, ಇನ್‌ಸ್ಟಾಗ್ರಾಂ ಚಿತ್ರಗಳನ್ನೆಲ್ಲ ಅವಳೇ ಮಾಡಿಕೊಡುತ್ತಾಳೆ. ಪ್ರತಿ ಕೆಲಸಕ್ಕೂ ಒಂದು ದರ ಹೇಳಿ, ಒಂದು ಬಿಲ್ಲು ಕಳಿಸಿ, ಹಣಕ್ಕಾಗಿ ಎರಡು ಸಲ ನೆನಪಿಸುವುದು ಈವರೆಗಿನ ಪದ್ಧತಿ.

ಪ್ರಸ್ತಾಪದ ಪತ್ರ ಬರೆಯುವ ಮುಂಚೆ ಅವಳು ಹಿಂದಿನ ಆರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು ಕೂತಳು. ಬಿಲ್ಲು ಮಾಡಿದ ಗಂಟೆಗಳು ಹೀಗಿದ್ದವು: ಜುಲೈ 18, ಆಗಸ್ಟ್ 25, ಸೆಪ್ಟೆಂಬರ್ 30, ಅಕ್ಟೋಬರ್ 23, ನವೆಂಬರ್ 14, ಡಿಸೆಂಬರ್ 10. ಒಟ್ಟು 120 ಗಂಟೆಗೆ ಬಂದ ಹಣ 96,000 ರೂಪಾಯಿ. ಗಂಟೆಗೆ 800 ಆಯಿತು. ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ ಉಸಿರಾಡಲು ಪುರಸೊತ್ತಿಲ್ಲ, ಆಮೇಲೆ ಕೈ ಖಾಲಿ.

ಆದರೆ ವಾಟ್ಸಾಪ್ ಬೇರೆ ಕಥೆ ಹೇಳಿತು. ‘ಹಳದಿ ಸ್ವಲ್ಪ ಗಾಢ ಇರಲಿ’, ‘ಇನ್ನೊಂದು ಸಲ ಹಳೆಯದನ್ನೇ ಕಳಿಸಿ’, ಭಾನುವಾರದ ಅರ್ಧ ಗಂಟೆಯ ಫೋನು. ಈ ಎಲ್ಲವನ್ನೂ ದಿನಾಂಕ ಹಿಡಿದು ಕೂಡಿದಾಗ 24 ಗಂಟೆ ಸಿಕ್ಕಿತು. ಅವುಗಳಲ್ಲಿ ಒಂದೂ ಬಿಲ್ಲಿಗೆ ಬಂದಿರಲಿಲ್ಲ. ಅಂದರೆ ದುಡಿದದ್ದು 144 ಗಂಟೆ, ನಿಜವಾದ ದರ ಗಂಟೆಗೆ ಸುಮಾರು 667 ರೂಪಾಯಿ. ಈ ಸಂಖ್ಯೆ ಗೊತ್ತಿಲ್ಲದೆ ತಿಂಗಳ ಹಣ ಗೊತ್ತುಮಾಡಿದರೆ, ಹಳೆಯ ಸೋರಿಕೆಯೇ ಹೊಸ ಒಪ್ಪಂದದೊಳಗೂ ಬಂದು ಕೂರುತ್ತದೆ.

ಈಗ ಗಂಟೆಗಳ ಪ್ರಶ್ನೆ. ಮಾತುಕತೆಯನ್ನೂ ಗಂಟೆಯಲ್ಲಿ ಎಣಿಸುತ್ತೇವೆ ಎಂದಾದರೆ ಅದು ಅರ್ಧಕ್ಕೆ ಇಳಿಯಬಹುದು ಎಂದು ಅವಳ ಅಂದಾಜು. ತಿಂಗಳಿಗೆ ಎರಡು ಗಂಟೆ ಸೇರಿಸಿದರೆ ಕೆಲಸ ಕ್ರಮವಾಗಿ 20, 27, 32, 25, 16, 12 ಗಂಟೆ ಆಗುತ್ತದೆ. ಸರಾಸರಿ 22. ಹೆಚ್ಚಿನವರು ಇಲ್ಲಿ ಸರಾಸರಿಯನ್ನೇ ಹಿಡಿದು ಪತ್ರ ಬರೆದುಬಿಡುತ್ತಾರೆ. ಅದು ತಪ್ಪು ಎಂದೇ ನಾನು ಹೇಳುತ್ತೇನೆ. 22 ಗಂಟೆಗೆ ಒಪ್ಪಿಸಿದರೆ ಆರು ತಿಂಗಳಲ್ಲಿ 18 ಗಂಟೆ, ಅಂದರೆ 14,400 ರೂಪಾಯಿಯ ಹೊತ್ತು ಬಳಕೆಯಾಗದೆ ಹೋಗುತ್ತದೆ. ಡಿಸೆಂಬರಿನಲ್ಲಿ 22 ಗಂಟೆಗೆ ಹಣ ಕೊಟ್ಟು 12 ಗಂಟೆ ಬಳಸಿದ ಮಾಲೀಕರು ಜನವರಿಯಲ್ಲಿ ‘ಇದು ಬೇಡಮ್ಮ, ಮೊದಲಿನ ಹಾಗೇ ಮಾಡೋಣ’ ಎನ್ನುತ್ತಾರೆ. ಅವರ ಮಾತಿನಲ್ಲಿ ಅನ್ಯಾಯವೇನೂ ಇಲ್ಲ.

ಆದ್ದರಿಂದ ಸರಾಸರಿಗಿಂತ ಕೆಳಗಿನ, ಹೆಚ್ಚಿನ ತಿಂಗಳುಗಳಲ್ಲಿ ಖಂಡಿತ ಬಳಕೆಯಾಗುವ ಸಂಖ್ಯೆಯನ್ನು ಹಿಡಿಯಬೇಕು. ಅವಳು ಹಿಡಿದದ್ದು 18. ಗಂಟೆಗೆ ಅದೇ 800ರಂತೆ ತಿಂಗಳಿಗೆ 14,400 ರೂಪಾಯಿ. 18 ದಾಟಿದ ಪ್ರತಿ ಗಂಟೆಗೂ 800. ಇದೇ ಆರು ತಿಂಗಳು ಮತ್ತೆ ಬಂದರೆ ಮೂಲ ಹಣ 86,400, ಹೆಚ್ಚುವರಿ 32 ಗಂಟೆಗೆ 25,600, ಒಟ್ಟು 1,12,000 ರೂಪಾಯಿ. ಹಿಂದಿನದಕ್ಕಿಂತ 16,000 ಹೆಚ್ಚು. ಈ ಏರಿಕೆಯನ್ನು ಮುಚ್ಚಿಡಬಾರದು, ಏಕೆಂದರೆ ಮಾಲೀಕರ ಅಕೌಂಟೆಂಟ್ ಮೊದಲು ನೋಡುವುದೇ ಅದನ್ನು. ಬಿಡಿಸಿ ಹೇಳಿದರೆ ಅದರಲ್ಲಿ 9,600 ಈವರೆಗೆ ಪುಕ್ಕಟೆಯಾಗಿದ್ದ ಮಾತುಕತೆಯ 12 ಗಂಟೆಯದು. ಉಳಿದ 6,400 ನವೆಂಬರ್, ಡಿಸೆಂಬರಿನಲ್ಲಿ ಬಳಕೆಯಾಗದೆ ಉಳಿದ 8 ಗಂಟೆಯದು. ಎತ್ತಿಟ್ಟ ಹಾಲಿನ ಬೆಲೆ ಅದು.

ಆ 6,400ಕ್ಕೆ ಪ್ರತಿಯಾಗಿ ಮಾಲೀಕರಿಗೆ ಏನು ಸಿಗುತ್ತದೆ? ಇದಕ್ಕೆ ಉತ್ತರವಿಲ್ಲದಿದ್ದರೆ ಪತ್ರವನ್ನೇ ಕಳಿಸಬಾರದು. ಸೆಪ್ಟೆಂಬರಿನಲ್ಲಿ ಎಲ್ಲ ಡಿಸೈನರುಗಳ ಕೈಯೂ ತುಂಬಿರುವಾಗ, ಇವರ ಸಣ್ಣ ಕೆಲಸ ಎರಡು ಕೆಲಸದ ದಿನಗಳಲ್ಲಿ ಮುಗಿಯುತ್ತದೆ ಎಂಬ ಭರವಸೆಯೇ ಆ ಉತ್ತರ. ಪೋಸ್ಟರು ಹಬ್ಬಕ್ಕೆ ನಾಲ್ಕು ದಿನ ತಡವಾಗಿ ಬಂದರೆ ಎಷ್ಟು ನಷ್ಟ ಎಂಬುದು ತಿಂಡಿ ಮಾರುವವರಿಗೆ ಚೆನ್ನಾಗಿ ಗೊತ್ತು. ತಿಂಗಳ ಒಪ್ಪಂದವೆಂದರೆ ದರ ಇಳಿಸಲೇಬೇಕು ಎಂದು ಹಲವರು ನಂಬಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮೊದಲ ಸರದಿಯನ್ನೂ ಕೊಟ್ಟು ದರವನ್ನೂ ಇಳಿಸಿದರೆ ಒಂದೇ ವಸ್ತುವಿಗೆ ಎರಡು ಸಲ ಬೆಲೆ ತೆತ್ತಂತೆ.

ಅವಳು ಪತ್ರ ಕಳಿಸಿದ್ದು ಸಂಕ್ರಾಂತಿಯ ಕೆಲಸವನ್ನು ಹೇಳಿದ ದಿನಕ್ಕಿಂತ ಮುಂಚೆಯೇ ಮುಗಿಸಿಕೊಟ್ಟ ವಾರ. ಮೊದಲು ಫೋನಿನಲ್ಲಿ ಎರಡು ಮಾತು: ‘ಸರ್, ತಿಂಗಳ ಲೆಕ್ಕದಲ್ಲಿ ಕೆಲಸ ಮಾಡುವ ಬಗ್ಗೆ ಒಂದು ಪುಟ ಬರೆದು ಕಳಿಸ್ತೀನಿ, ಬಿಡುವಾದಾಗ ನೋಡಿ.’ ಪತ್ರ ಹೀಗಿತ್ತು:

‘ನಮಸ್ಕಾರ ಸರ್. ಜುಲೈಯಿಂದ ಡಿಸೆಂಬರ್‌ವರೆಗೆ ನಿಮಗೆ 120 ಗಂಟೆಯ ಕೆಲಸ ಮಾಡಿದ್ದೇನೆ. ತಿಂಗಳವಾರು ಪಟ್ಟಿ ಜೊತೆಗಿದೆ. ಬದಲಾವಣೆ ಮತ್ತು ಫೋನ್ ಮಾತುಕತೆಗೆ ಸುಮಾರು 24 ಗಂಟೆ ಹೋಗಿದೆ, ಅದನ್ನು ಈವರೆಗೆ ಬಿಲ್ಲಿನಲ್ಲಿ ಸೇರಿಸಿಲ್ಲ. ಹಬ್ಬದ ತಿಂಗಳುಗಳಲ್ಲಿ ನಿಮ್ಮ ಕೆಲಸ ಕಾಯಬಾರದು ಎಂಬ ಉದ್ದೇಶದಿಂದ ಈ ಏರ್ಪಾಡು ಸೂಚಿಸುತ್ತಿದ್ದೇನೆ. ಫೆಬ್ರವರಿ 1ರಿಂದ ತಿಂಗಳಿಗೆ 18 ಗಂಟೆ ನಿಮಗೆ ಮೀಸಲು, ಶುಲ್ಕ 14,400 ರೂ., ಆಯಾ ತಿಂಗಳ 5ರೊಳಗೆ. ಇದರಲ್ಲಿ ಸೇರುವುದು: ಈಗಿರುವ ಲೇಬಲ್ಲುಗಳ ತಿದ್ದುಪಡಿ, ಪೋಸ್ಟರು, ಹಬ್ಬದ ಜಾಹೀರಾತು, ಇನ್‌ಸ್ಟಾಗ್ರಾಂ ಚಿತ್ರ, ಇವುಗಳ ಮಾತುಕತೆ, ಪ್ರತಿಯೊಂದಕ್ಕೂ ಎರಡು ಸುತ್ತಿನ ಬದಲಾವಣೆ. ಸೇರದಿರುವುದು: ಹೊಸ ತಿಂಡಿಯ ಪೂರ್ತಿ ಪ್ಯಾಕೆಟ್ ವಿನ್ಯಾಸ, ವೆಬ್‌ಸೈಟ್, ಫೋಟೊ ತೆಗೆಯುವುದು, ಮುದ್ರಣದ ಖರ್ಚು, ಇವಕ್ಕೆ ಪ್ರತ್ಯೇಕ ದರ ಕೊಡುತ್ತೇನೆ. 18 ಗಂಟೆ ಮುಗಿಯುವ ಹೊತ್ತಿಗೆ ತಿಳಿಸಿ, ನೀವು ಒಪ್ಪಿದರೆ ಮಾತ್ರ ಗಂಟೆಗೆ 800 ರೂ.ನಂತೆ ಮುಂದುವರಿಸುತ್ತೇನೆ. ಉಳಿದ ಗಂಟೆಯಲ್ಲಿ 4ರವರೆಗೆ ಮುಂದಿನ ಒಂದು ತಿಂಗಳಿಗೆ ಹೋಗುತ್ತದೆ. ಮೊದಲ ಮೂರು ತಿಂಗಳು ಪ್ರಯೋಗ. ಆಮೇಲೆ ಯಾರು ಬೇಕಾದರೂ 30 ದಿನ ಮುಂಚೆ ತಿಳಿಸಿ ನಿಲ್ಲಿಸಬಹುದು.’

ಇದರಲ್ಲಿ ಅತ್ಯಂತ ಹೆಚ್ಚು ಜಗಳ ತಪ್ಪಿಸುವುದು ‘ಸೇರದಿರುವುದು’ ಎಂಬ ಸಾಲು. ಯಾವ ಗ್ರಾಹಕರೂ ಮೋಸ ಮಾಡಬೇಕೆಂದು ಹೆಚ್ಚು ಕೆಲಸ ಕೇಳುವುದಿಲ್ಲ. ಗೆರೆ ಎಲ್ಲಿದೆಯೆಂದು ಕಾಣದೆ ಕೇಳುತ್ತಾರೆ. ವೆಬ್‌ಸೈಟಿನ ಒಂದು ಚಿತ್ರ ಬದಲಿಸಿಕೊಟ್ಟ ತಿಂಗಳಲ್ಲೇ ವೆಬ್‌ಸೈಟಿನ ಉಸ್ತುವಾರಿಯೂ ಮೈಮೇಲೆ ಬಿದ್ದಿರುತ್ತದೆ. ಅದಕ್ಕೇ ಪಟ್ಟಿಯನ್ನು ಹೊಸದಾಗಿ ಕಲ್ಪಿಸಿಕೊಳ್ಳದೆ ಹಳೆಯ ಬಿಲ್ಲುಗಳಿಂದ ತೆಗೆಯಬೇಕು. ಪದೇ ಪದೇ ಬಂದದ್ದು ಒಳಗೆ, ವರ್ಷಕ್ಕೊಮ್ಮೆ ಬಂದದ್ದು ಹೊರಗೆ.

ಉಳಿದ ಗಂಟೆಗೆ 4ರ ಮಿತಿ ಏಕೆ? ಮಿತಿಯಿಲ್ಲದೆ ಮುಂದೆ ಹೋಗಬಹುದು ಎಂದರೆ, ಬಿಡುವಿನ ನಾಲ್ಕೈದು ತಿಂಗಳ ಗಂಟೆಗಳೆಲ್ಲ ಗುಡ್ಡೆಯಾಗಿ ಹಬ್ಬದ ತಿಂಗಳಿಗೆ ಒಟ್ಟಿಗೆ ಬರುತ್ತವೆ. ಆಗ ಅವಳ ಬಳಿ ಅಷ್ಟು ಹೊತ್ತೇ ಇರುವುದಿಲ್ಲ, ಹಣವೋ ಮೊದಲೇ ಖರ್ಚಾಗಿರುತ್ತದೆ. ಒಂದಿಷ್ಟೂ ಮುಂದೆ ಹೋಗುವುದಿಲ್ಲ ಎಂದರೆ ಮಾಲೀಕರಿಗೆ ಕಸಿವಿಸಿ. ಸ್ವಲ್ಪ ಸಡಿಲ ಇರಲಿ, ಗುಡ್ಡೆ ಬೀಳದಿರಲಿ ಎಂಬುದಷ್ಟೇ ಇದರ ಅರ್ಥ.

ಹಣದ ವಿಷಯದಲ್ಲಿ ಗೊತ್ತಿರಬೇಕಾದದ್ದು ಸ್ವಲ್ಪವೇ. ಇದನ್ನು ವೃತ್ತಿಪರ ಸೇವೆ ಎಂದು ಪರಿಗಣಿಸಿ ಗ್ರಾಹಕರು ಶೇ. 10 ಟಿಡಿಎಸ್ ಕಡಿತ ಮಾಡಿದರೆ ಕೈಗೆ ಬರುವುದು 12,960 ರೂಪಾಯಿ. ಉಳಿದ 1,440 ಅವಳ ಪ್ಯಾನ್ ಸಂಖ್ಯೆಗೆ ಜಮೆಯಾಗಿ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ. ಮನೆ ಬಾಡಿಗೆಯ ಲೆಕ್ಕವನ್ನು 14,400 ನಂಬಿ ಹಾಕಬಾರದು. ಇನ್ನೊಂದು, ಉದ್ಯಮ್ ನೋಂದಣಿ ಮಾಡಿಸಿಕೊಂಡ ಕಿರು ಉದ್ಯಮಿಗೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಆದರೆ ಈಗಲೇ ಮೂರು ತಿಂಗಳು ತಡವಾಗಿ ಕೊಡುವ ಗ್ರಾಹಕರು ಒಪ್ಪಂದದ ಕಾಗದ ನೋಡಿ ಬದಲಾಗುವುದಿಲ್ಲ. ಅಂಥವರಿಗೆ ಈ ಪ್ರಸ್ತಾಪ ಮಾಡಲೇಬೇಡಿ. ವರ್ಷಕ್ಕೆ ಒಂದೆರಡು ದೊಡ್ಡ ಕೆಲಸ ಮಾತ್ರ ಕೊಡುವವರಿಗೂ ಇದು ಹೊಂದುವುದಿಲ್ಲ.

ಒಪ್ಪಂದ ಶುರುವಾದ ಮೇಲೆ ಅದರ ಆರೋಗ್ಯ ತಿಳಿಯುವುದು ಗಂಟೆಯ ಪಟ್ಟಿಯಿಂದ. ದಿನಾಂಕ, ಕೆಲಸ, ಹೊತ್ತು ಎಂಬ ಮೂರೇ ಕಾಲಮ್ಮಿನ ಹಾಳೆಯನ್ನು ತಿಂಗಳ ಕೊನೆಯ ದಿನ, ಅವರು ಕೇಳದಿದ್ದರೂ ಕಳಿಸಬೇಕು. ಹಬ್ಬವಿಲ್ಲದ ಎರಡು ತಿಂಗಳು ಸತತವಾಗಿ 23, 24 ಗಂಟೆ ಆಗುತ್ತಿದ್ದರೆ 18 ಕಡಿಮೆಯಾಗಿದೆ ಎಂದರ್ಥ. ಮೂರು ತಿಂಗಳು 9, 10 ಗಂಟೆಯೇ ಬಳಕೆಯಾದರೆ ಅವರಾಗಿ ಹೇಳುವ ಮುಂಚೆ ನೀವೇ ‘ಸರ್, 12 ಗಂಟೆಗೆ ಇಳಿಸೋಣ’ ಎನ್ನಿ. ಹಾಗೆಂದವರ ಗ್ರಾಹಕರು ಉಳಿಯುತ್ತಾರೆ. ಸುಮ್ಮನೆ ಹಣ ತೆಗೆದುಕೊಂಡವರಿಗೆ ಒಂದು ದಿನ 30 ದಿನದ ನೋಟಿಸು ಬರುತ್ತದೆ.

ಮಾಲೀಕರು ಬೇಡ ಎಂದರೂ ಹಳೆಯ ಕೆಲಸ ಕೈತಪ್ಪುವುದಿಲ್ಲ, ಬಿಡಿ ಕೆಲಸ ಬಿಡಿಯಾಗಿಯೇ ಮುಂದುವರಿಯುತ್ತದೆ. ಆದರೆ ಆ 24 ಗಂಟೆ ಈಗ ಇಬ್ಬರ ಕಣ್ಣಿಗೂ ಬಿದ್ದಿದೆ. ಮೂರನೇ ಸುತ್ತಿನ ಬದಲಾವಣೆಯಿಂದ ಗಂಟೆಗೆ 800 ರೂಪಾಯಿ ಎಂದು ಮುಂದಿನ ಕೆಲಸದ ದರಪಟ್ಟಿಯಲ್ಲೇ ಬರೆದು ಕಳಿಸಿ.